ಸದಸ್ಯರ ಪಟ್ಟಿಗೆ VLOOKUP, INDEX–MATCH, XLOOKUP: ಯಾವುದನ್ನು ಆರಿಸಬೇಕು?

ಮಂಡ್ಯದ ಸುತ್ತಮುತ್ತ ಹಾಲಿನ ಡೈರಿ, ಗೊಬ್ಬರದ ಅಂಗಡಿ, ಬೆಲ್ಲದ ವ್ಯಾಪಾರದ ಲೆಕ್ಕ ನೋಡಿಕೊಳ್ಳುವ ಹಲವರು ನನಗೆ ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ. "ನಂಬರ್ ಹಾಕಿದರೆ ಹೆಸರು, ಅಕೌಂಟ್ ಬರಬೇಕು. VLOOKUP ಸಾಕಾ? INDEX–MATCH ಕಲಿಯಬೇಕಾ? XLOOKUP ಬಂದಿದೆಯಂತೆ, ಅದಕ್ಕೆ ಹೊಸ ಎಕ್ಸೆಲ್ ತಗೋಬೇಕಾ?"

ಮೂರೂ ಒಂದೇ ಕೆಲಸ ಮಾಡುತ್ತವೆ. ಆದರೆ ಹುಡುಕಿದ್ದು ಸಿಗದಿದ್ದಾಗ ಮೂರೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಈ ವ್ಯತ್ಯಾಸ ನನಗೆ ಪೂರ್ತಿ ಅರ್ಥವಾದದ್ದು ಒಂದು ಹಳ್ಳಿ ಡೈರಿಯ ಬಟವಾಡೆ ಪಟ್ಟಿ ನೋಡಿದ ದಿನ. ಅದನ್ನೇ ಮೊದಲು ಹೇಳುತ್ತೇನೆ.

ಬಟವಾಡೆಯ ದಿನ ಒಬ್ಬ ಹೆಣ್ಣುಮಗಳು ಪಾಸ್‌ಬುಕ್ ಹಿಡಿದುಕೊಂಡು ಬಂದರು. "ಎಲ್ರಿಗೂ ಬಂತು, ನನ್ ಹಾಲಿನ್ ದುಡ್ಡು ಮಾತ್ರ ಬಂದಿಲ್ಲ ಕಣಣ್ಣ" ಅಂದರು. ಸೆಕ್ರೆಟರಿ ಪಟ್ಟಿ ತೆಗೆದು ನೋಡಿದರು. ಲೀಟರ್ ಸರಿ ಇದೆ, ಮೊತ್ತ ಸರಿ ಇದೆ, ಬ್ಯಾಂಕಿಗೆ ಹೋದ ಒಟ್ಟು ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ. ಯಾವ ಸಾಲಿನಲ್ಲೂ ಎರರ್ ಇಲ್ಲ. ಆದರೆ ಆಕೆಯ ನಂಬರಿನ ಮುಂದೆ ಇದ್ದದ್ದು ಇನ್ನೊಬ್ಬರ ಅಕೌಂಟ್. ಆ ಇನ್ನೊಬ್ಬರಿಗೆ ಎರಡು ಸಲ ದುಡ್ಡು ಜಮೆ ಆಗಿತ್ತು.

ಸೆಕ್ರೆಟರಿ ಒಳ್ಳೆಯ ಮನುಷ್ಯ, ಕೈ ಶುದ್ಧ. ತಪ್ಪು ಇದ್ದದ್ದು ಈ ಸೂತ್ರದಲ್ಲಿ:

```
=VLOOKUP(A2,$H$2:$J$8,3)
```

ನೋಡಲು ಏನೂ ಕೊರತೆ ಇಲ್ಲ ಅಲ್ವಾ? A2 ಸೆಲ್‌ನಲ್ಲಿರುವ ಸದಸ್ಯರ ನಂಬರನ್ನು H ಕಾಲಂನಲ್ಲಿ ಹುಡುಕು, ಅದೇ ಸಾಲಿನ ಮೂರನೇ ಕಾಲಂನಿಂದ ಅಕೌಂಟ್ ನಂಬರ್ ಕೊಡು. ಆದರೆ VLOOKUPಗೆ ನಾಲ್ಕನೇ ಮಾಹಿತಿಯೂ ಒಂದಿದೆ. ಅಲ್ಲಿ FALSE ಅಥವಾ 0 ಹಾಕಿದರೆ ಅದೇ ನಂಬರ್ ಬೇಕು ಅಂತ ಅರ್ಥ. TRUE ಅಥವಾ 1 ಹಾಕಿದರೆ ಹತ್ತಿರದ್ದು ಸಿಕ್ಕರೂ ಸಾಕು ಅಂತ ಅರ್ಥ. ಏನೂ ಹಾಕದೆ ಬಿಟ್ಟರೆ ಎಕ್ಸೆಲ್ ಅದನ್ನು TRUE ಅಂತಲೇ ತಗೊಳ್ಳುತ್ತದೆ. ಇಡೀ ತೊಂದರೆಯ ಬೇರು ಇದೇ.

ಈಗ ಆ ಪಟ್ಟಿಯನ್ನು ಹತ್ತಿರದಿಂದ ನೋಡೋಣ. ಡೈರಿಯಲ್ಲಿ ನೂರಕ್ಕೂ ಜಾಸ್ತಿ ಸದಸ್ಯರಿದ್ದರು. ಇಲ್ಲಿ ಏಳೇ ಜನರನ್ನು ಇಟ್ಟುಕೊಂಡು, ನಂಬರ್ ಬದಲಿಸಿ ತೋರಿಸುತ್ತೇನೆ. H ಕಾಲಂನಲ್ಲಿ ಮೇಲಿನಿಂದ ಕೆಳಕ್ಕೆ ನಂಬರ್‌ಗಳು ಹೀಗಿವೆ:

```
101
104
118
107
109
112
115
```

118 ಮಧ್ಯದಲ್ಲಿ ಯಾಕೆ ಬಂತು ಅಂದರೆ, ಅದು 104ರ ಮನೆಯ ಸೊಸೆಯ ನಂಬರ್. ಹೊಸದಾಗಿ ಸದಸ್ಯೆಯಾದರು. ಅತ್ತೆ ಹೆಸರಿನ ಕೆಳಗೇ ಸೊಸೆ ಹೆಸರೂ ಇರಲಿ, ಹುಡುಕಲು ಸುಲಭ ಅಂತ ಸೆಕ್ರೆಟರಿ ಅಲ್ಲಿ ಒಂದು ಸಾಲು ಸೇರಿಸಿದ್ದರು. ಯಾರಾದರೂ ಹಾಗೇ ಮಾಡುತ್ತಾರೆ.

ಹತ್ತಿರದ್ದು ಸಾಕು ಅನ್ನುವ ಕ್ರಮದಲ್ಲಿ VLOOKUP ಪಟ್ಟಿಯನ್ನು ಮೇಲಿನಿಂದ ಒಂದೊಂದಾಗಿ ಓದುವುದಿಲ್ಲ. ನಾವು ನಿಘಂಟಿನಲ್ಲಿ ಪದ ಹುಡುಕುವ ಹಾಗೆ ಮಧ್ಯಕ್ಕೆ ತೆರೆಯುತ್ತದೆ. ಬೇಕಾದದ್ದು ಅದಕ್ಕಿಂತ ದೊಡ್ಡದಾದರೆ ಕೆಳಗಿನ ಅರ್ಧ, ಚಿಕ್ಕದಾದರೆ ಮೇಲಿನ ಅರ್ಧ. ಇನ್ನರ್ಧದ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ. ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿದೆ ಅಂತ ಪೂರ್ತಿ ನಂಬಿಕೊಂಡು ಹೊರಡುತ್ತದೆ.

118 ಹುಡುಕಿ ನೋಡಿ. ಮಧ್ಯದ ನಾಲ್ಕನೇ ಸಾಲಿನಲ್ಲಿ 107 ಇದೆ. 118 ಅದಕ್ಕಿಂತ ದೊಡ್ಡದು, ಕೆಳಗಿನ ಅರ್ಧಕ್ಕೆ ಹೋಯಿತು. ಆ ಅರ್ಧದ ಮಧ್ಯದಲ್ಲಿ 112. ಇನ್ನೂ ಕೆಳಗೆ ಹೋಯಿತು. ಅಲ್ಲಿ 115. ಅದಕ್ಕೂ 118 ದೊಡ್ಡದು, ಆದರೆ ಪಟ್ಟಿ ಮುಗಿಯಿತು. ಕೊನೆಗೆ ಕೈಗೆ ಸಿಕ್ಕ 115ರ ಅಕೌಂಟನ್ನೇ ಕೊಟ್ಟುಬಿಟ್ಟಿತು. ನಿಜವಾದ 118 ಮೂರನೇ ಸಾಲಿನಲ್ಲಿ ಕೂತಿದೆ, ಅತ್ತ ಕಣ್ಣೇ ಹಾಯಿಸಲಿಲ್ಲ.

ಇನ್ನು ಉಳಿದ ಆರು ನಂಬರ್‌ಗಳನ್ನು ಇದೇ ರೀತಿ ನೀವೇ ಹುಡುಕಿ. 101 ಸರಿ ಬರುತ್ತದೆ, 104 ಸರಿ, 107, 109, 112, 115 ಎಲ್ಲವೂ ಸರಿ. ಏಳರಲ್ಲಿ ಆರು ಸರಿ, ಒಂದು ತಪ್ಪು. ನನ್ನನ್ನು ಬೆಚ್ಚಿಬೀಳಿಸಿದ್ದು ಇದೇ. ಸೆಕ್ರೆಟರಿ ಮೇಲಿನ ಎರಡು, ಕೆಳಗಿನ ಎರಡು ಸಾಲು ತಾಳೆ ನೋಡಿದ್ದರು. ಎಲ್ಲ ಸರಿಯಾಗಿಯೇ ಇತ್ತು.

ಪಟ್ಟಿ ಸಾಲಾಗಿದ್ದರೂ ಇನ್ನೊಂದು ಅಪಾಯ ಉಳಿಯುತ್ತದೆ. 109 ಬರೆಯುವ ಕಡೆ ಕೈತಪ್ಪಿ 110 ಬಿತ್ತು ಅಂದುಕೊಳ್ಳಿ. 110 ಅನ್ನುವ ಸದಸ್ಯರೇ ಇಲ್ಲ. ಆಗಲೂ ಈ ಸೂತ್ರ ಸುಮ್ಮನೆ 109ರ ಅಕೌಂಟ್ ಕೊಡುತ್ತದೆ. ಕೇಳಿದ್ದಕ್ಕಿಂತ ಚಿಕ್ಕದರಲ್ಲಿ ಅತಿ ದೊಡ್ಡದು ಯಾವುದೋ ಅದನ್ನು ಕೊಡುವುದು ಅದರ ನಿಯಮ. ಈ ಸಲ ಅದೃಷ್ಟಕ್ಕೆ ಸರಿಯಾದ ಜಾಗಕ್ಕೇ ಹೋಯಿತು. 112 ಬರೆಯಲು ಹೋಗಿ 111 ಬರೆದಿದ್ದರೆ 112ರ ದುಡ್ಡು 109ಕ್ಕೆ ಹೋಗುತ್ತಿತ್ತು.

ಆರಿಸುವ ಮೊದಲು ಏನು ನೋಡಬೇಕು

ಇದೆಲ್ಲ ನೋಡಿದ ಮೇಲೆ ನಾನು ಆರಿಸುವ ರೀತಿ ಬದಲಾಯಿತು. ಟೈಪ್ ಮಾಡಲು ಯಾವುದು ಚಿಕ್ಕದು ಅನ್ನುವುದನ್ನು ಕೊನೆಗೆ ನೋಡುತ್ತೇನೆ. ಮೊದಲು ಕೇಳುವುದು: ಸಿಗದಿದ್ದರೆ ಸಿಗಲಿಲ್ಲ ಅಂತ ಬಾಯಿಬಿಟ್ಟು ಹೇಳುತ್ತದಾ? ಎರಡನೆಯದು: ಯಾರೋ ಸಾಲು ಅದಲುಬದಲು ಮಾಡಿದರೆ, ಮಧ್ಯೆ ಒಂದು ಕಾಲಂ ಸೇರಿಸಿದರೆ ತಡೆದುಕೊಳ್ಳುತ್ತದಾ? ಮೂರನೆಯದು: ಈ ಫೈಲ್ ತೆರೆಯುವ ಎಲ್ಲರ ಕಂಪ್ಯೂಟರಿನಲ್ಲೂ ಓಡುತ್ತದಾ? ಡೈರಿಯಲ್ಲಿ ಒಂದು ಹಳೇ ಎಕ್ಸೆಲ್, ಆಡಿಟರ್ ಹತ್ತಿರ ಹೊಸದು, ಸೆಕ್ರೆಟರಿ ಮಗನ ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆ ಆಫೀಸ್. ನಮ್ಮ ಕಡೆ ಸಾಮಾನ್ಯವಾಗಿ ಇದೇ ಪರಿಸ್ಥಿತಿ.

ಇನ್ನೊಂದು ಪ್ರಶ್ನೆ ಈ ಮೂರಕ್ಕಿಂತ ಮುಂಚೆಯೇ ಬರಬೇಕು. ನಿಮಗೆ ಬೇಕಾದದ್ದು ಅದೇ ನಂಬರಾ, ಇಲ್ಲ ಅದು ಬೀಳುವ ದರದ ಹಂತವಾ? ಸದಸ್ಯರು, ಅಕೌಂಟ್, ಬಿಲ್ ನಂಬರ್ ಇವೆಲ್ಲ ಮೊದಲ ಜಾತಿ. ಹಾಲಿನ ಫ್ಯಾಟಿಗೆ ತಕ್ಕ ದರ ಎರಡನೇ ಜಾತಿ. ಅದಕ್ಕೆ ಆಮೇಲೆ ಬರುತ್ತೇನೆ.

VLOOKUP, ಕೊನೆಯಲ್ಲಿ FALSE ಹಾಕಿ

```
=VLOOKUP(A2,$H$2:$J$8,3,FALSE)
```

ಈಗಾಗಲೇ VLOOKUP ಗೊತ್ತಿರುವವರಿಗೆ ಇದೇ ಅತಿ ಅಗ್ಗದ ಪರಿಹಾರ. ಹೊಸದೇನೂ ಕಲಿಯಬೇಕಿಲ್ಲ, ಯಾವ ಹಳೇ ಎಕ್ಸೆಲ್‌ನಲ್ಲೂ, ಗೂಗಲ್ ಶೀಟ್ಸ್‌ನಲ್ಲೂ, ಲಿಬ್ರೆ ಆಫೀಸ್‌ನಲ್ಲೂ ನಡೆಯುತ್ತದೆ. FALSE ಇದ್ದಾಗ ಅದು ಮೇಲಿನಿಂದ ಕೆಳಕ್ಕೆ ಹುಡುಕಿ ಅದೇ ನಂಬರ್ ಸಿಕ್ಕಿದ ಮೊದಲ ಸಾಲನ್ನು ಕೊಡುತ್ತದೆ. ಸಾಲುಗಳ ಕ್ರಮ ಹೇಗೇ ಇರಲಿ. ಸಿಗದಿದ್ದರೆ #N/A ತೋರಿಸುತ್ತದೆ. ನಾಲ್ಕನೇ ಮಾಹಿತಿ ಬಿಟ್ಟರೆ ಹತ್ತಿರದ್ದನ್ನು ಕೊಡುವ ಅಭ್ಯಾಸ ಗೂಗಲ್ ಶೀಟ್ಸ್ ಮತ್ತು ಲಿಬ್ರೆ ಆಫೀಸ್‌ಗೂ ಇದೆ, ಹಾಗಾಗಿ ಅಲ್ಲಿಯೂ FALSE ಮರೆಯಬೇಡಿ.

ಒಂದು ಸೂಕ್ಷ್ಮ ವಿಷಯ. ಎಕ್ಸೆಲ್‌ನಲ್ಲಿ 3 ಆದ ಮೇಲೆ ಬರೀ ಒಂದು ಕಾಮಾ ಹಾಕಿ ಬ್ರ್ಯಾಕೆಟ್ ಮುಚ್ಚಿದರೆ ಅದು FALSE ಆಗುತ್ತದೆ. ಕಾಮಾನೂ ಇಲ್ಲದಿದ್ದರೆ TRUE. ಒಂದು ಕಾಮಾದಿಂದ ಅರ್ಥವೇ ತಿರುಗುತ್ತದೆ. ಅದಕ್ಕೆ ನಾನು ಯಾವಾಗಲೂ FALSE ಅಂತ ಪೂರ್ತಿ ಬರೆಯುತ್ತೇನೆ. ಮುಂದೆ ಫೈಲ್ ತೆರೆಯುವವರಿಗೆ ಕಣ್ಣಿಗೆ ಕಾಣಬೇಕು.

ಇದರ ನಿಜವಾದ ದೌರ್ಬಲ್ಯ ಆ 3. ಹೆಸರು ಮತ್ತು ಅಕೌಂಟ್ ಮಧ್ಯೆ ಯಾರಾದರೂ ಫೋನ್ ನಂಬರಿಗೆ ಒಂದು ಕಾಲಂ ಸೇರಿಸಿದರೆ ಮೂರನೇ ಕಾಲಂ ಈಗ ಫೋನ್ ನಂಬರ್. ಸೂತ್ರ 3 ಅಂತಲೇ ಹಿಡಿದುಕೊಂಡು ಫೋನ್ ನಂಬರನ್ನು ಅಕೌಂಟ್ ಅಂತ ಕೊಡುತ್ತದೆ. ಇಲ್ಲಿಯೂ ಎರರ್ ಬರುವುದಿಲ್ಲ. ಜೊತೆಗೆ ಹುಡುಕುವ ಕಾಲಂ ಯಾವಾಗಲೂ ಎಡತುದಿಯಲ್ಲೇ ಇರಬೇಕು. ಪಟ್ಟಿಯ ಆಕಾರ ಬದಲಾಗದ ಕಡೆ, ಒಬ್ಬರೇ ಕೈಯಾಡಿಸುವ ಕಡೆ ಇದು ಸಾಕು.

INDEX ಮತ್ತು MATCH

```
=INDEX($J$2:$J$8,MATCH(A2,$H$2:$H$8,0))
```

MATCH ಯಾವ ಸಾಲು ಅಂತ ಹೇಳುತ್ತದೆ, INDEX ಆ ಸಾಲಿನ ಅಕೌಂಟ್ ತಂದುಕೊಡುತ್ತದೆ. ಕಾಲಂ ನಂಬರ್ ಎಣಿಸುವ ಗೋಜೇ ಇಲ್ಲ. ಮಧ್ಯೆ ಎಷ್ಟು ಕಾಲಂ ಸೇರಿಸಿದರೂ J ಕಾಲಂ K ಆಗುತ್ತದೆ, ಸೂತ್ರವೂ ತಾನೇ K ಆಗುತ್ತದೆ. ಎಡಗಡೆಗೂ ಹುಡುಕಬಹುದು. ಎಲ್ಲ ಹಳೇ ಎಕ್ಸೆಲ್‌ಗಳಲ್ಲೂ ನಡೆಯುತ್ತದೆ.

ಆದರೆ INDEX–MATCH ಹಾಕಿದ ಕೂಡಲೇ ಹತ್ತಿರದ್ದು ಕೊಡುವ ರೋಗ ಹೋಯಿತು ಅಂತ ನಂಬುವವರಿದ್ದಾರೆ. ಅದು ನಿಜ ಅಲ್ಲ. MATCHನ ಕೊನೆಯ 0 ಬಿಟ್ಟರೆ ಅದು 1 ಅಂತ ತಗೊಳ್ಳುತ್ತದೆ, ಅಂದರೆ ಅದೇ ಅರ್ಧ ಅರ್ಧ ಮಾಡುವ ಹುಡುಕಾಟ. 118 ಇಲ್ಲಿಯೂ 115 ಆಗುತ್ತದೆ. H ಮತ್ತು J ಎರಡೂ ಒಂದೇ ಸಾಲಿನಲ್ಲಿ ಶುರುವಾಗಿ ಒಂದೇ ಸಾಲಿನಲ್ಲಿ ಮುಗಿಯಬೇಕು ಅನ್ನುವುದನ್ನೂ ನೋಡಿಕೊಳ್ಳಿ. ಒಂದು ಸಾಲು ಜಾರಿದರೆ ಎಲ್ಲರ ದುಡ್ಡೂ ಪಕ್ಕದವರಿಗೆ ಹೋಗುತ್ತದೆ.

ಹಲವು ಕೈ ದಾಟುವ ಫೈಲ್, ಹಳೇ ಎಕ್ಸೆಲ್, ಹೊಸದಕ್ಕೆ ದುಡ್ಡು ಹಾಕುವ ಮನಸ್ಸಿಲ್ಲ ಅಂದರೆ ನನ್ನ ಆಯ್ಕೆ ಇದೇ. ಕಲಿಯಲು ಒಂದು ಮಧ್ಯಾಹ್ನ ಹಿಡಿಯಬಹುದು, ಆಮೇಲೆ ಕೈಗೆ ಕೂರುತ್ತದೆ.

XLOOKUP

```
=XLOOKUP(A2,$H$2:$H$8,$J$2:$J$8,"ಸಿಗಲಿಲ್ಲ")
```

ಇದನ್ನು ಮಾಡಿದವರು ಮೂಲದ ತಪ್ಪನ್ನೇ ತಿದ್ದಿದ್ದಾರೆ. ಏನೂ ಹೇಳದಿದ್ದರೆ ಅದೇ ನಂಬರ್ ಬೇಕು ಅಂತಲೇ ತಗೊಳ್ಳುತ್ತದೆ. ಮರೆತವರನ್ನೂ ಕಾಪಾಡುತ್ತದೆ. ಕಾಲಂ ಎಣಿಕೆ ಇಲ್ಲ, ಎಡ ಬಲ ಅನ್ನುವ ತಕರಾರಿಲ್ಲ, ಸಿಗದಿದ್ದರೆ ಏನು ತೋರಿಸಬೇಕು ಅನ್ನುವುದನ್ನು ಕನ್ನಡದಲ್ಲೇ ಬರೆಯಬಹುದು.

VLOOKUP ಅಭ್ಯಾಸ ಇರುವವರು ಒಂದು ಕಡೆ ಎಡವುತ್ತಾರೆ. ಕೈ ರೂಢಿಯಿಂದ ನಾಲ್ಕನೇ ಜಾಗದಲ್ಲಿ 0 ಹಾಕುತ್ತಾರೆ:

```
=XLOOKUP(A2,$H$2:$H$8,$J$2:$J$8,0)
```

XLOOKUPನಲ್ಲಿ ನಾಲ್ಕನೇ ಜಾಗ ಸಿಗದಿದ್ದರೆ ಏನು ತೋರಿಸಬೇಕು ಅನ್ನುವುದಕ್ಕೆ ಮೀಸಲು. ಹುಡುಕುವ ರೀತಿ ಐದನೇ ಜಾಗದಲ್ಲಿ. ಹಾಗಾಗಿ ಇಲ್ಲದ ಸದಸ್ಯರಿಗೆ 0 ಬರುತ್ತದೆ. ಮೊತ್ತದ ಕಾಲಂನಲ್ಲಿ ಹೀಗಾದರೆ ಕೂಡುವ ಲೆಕ್ಕದಲ್ಲಿ ಆ ಸೊನ್ನೆ ಕರಗಿ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ.

ಓಡುವ ಕಡೆ ನೋಡಿ ಆರಿಸಿ. ಎಕ್ಸೆಲ್ 2021 ಮತ್ತು ಮೈಕ್ರೋಸಾಫ್ಟ್ 365ರಲ್ಲಿ ಇದೆ. ಎಕ್ಸೆಲ್ 2016, 2019ರಲ್ಲಿ ಇಲ್ಲ. ಅಲ್ಲಿ ಫೈಲ್ ತೆರೆದಾಗ ಹಳೇ ಉತ್ತರ ಕಾಣಿಸಬಹುದು, ಆದರೆ ಸೆಲ್ ಮತ್ತೆ ಲೆಕ್ಕ ಮಾಡಿದ ಕೂಡಲೇ #NAME? ಆಗುತ್ತದೆ. ದುಡ್ಡು ಹಾಕದೆ ಬೇಕು ಅಂದರೆ ಗೂಗಲ್ ಶೀಟ್ಸ್‌ನಲ್ಲಿ ಸಿಗುತ್ತದೆ, ಲಿಬ್ರೆ ಆಫೀಸ್ 24.8ರಿಂದ ಅದರಲ್ಲೂ ಇದೆ. ಬರೀ ಈ ಒಂದು ಸೂತ್ರಕ್ಕೋಸ್ಕರ ಹೊಸ ಎಕ್ಸೆಲ್ ಕೊಳ್ಳಬೇಡಿ. ಕೆಲಸ INDEX–MATCHನಲ್ಲೇ ಆಗುತ್ತದೆ.

LOOKUP ಅಂತ ಇನ್ನೊಂದು ಹಳೆಯದಿದೆ. ಅದರಲ್ಲಿ ಅದೇ ನಂಬರ್ ಬೇಕು ಅಂತ ಹೇಳಲು ಜಾಗವೇ ಇಲ್ಲ. ಸದಸ್ಯರ ಪಟ್ಟಿಗೆ ಅದನ್ನು ಮುಟ್ಟಬೇಡಿ.

ಹತ್ತಿರದ್ದೇ ಬೇಕಾದಾಗ

ಹಾಗಾದರೆ TRUE ಯಾಕೆ ಇಟ್ಟಿದ್ದಾರೆ? ದರದ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ದರ ಇಟ್ಟುಕೊಳ್ಳೋಣ: ಫ್ಯಾಟ್ 3.5ರಿಂದ ಲೀಟರಿಗೆ 30 ರೂಪಾಯಿ, 3.8ರಿಂದ 31, 4.0ರಿಂದ 32, 4.3ರಿಂದ 33. ಒಬ್ಬರ ಹಾಲಿಗೆ 3.9 ಬಂತು. ಪಟ್ಟಿಯಲ್ಲಿ 3.9 ಇಲ್ಲ. FALSE ಹಾಕಿದರೆ #N/A ಬರುತ್ತದೆ. TRUE ಹಾಕಿದರೆ 3.8ರ ಸಾಲು ಹಿಡಿದು 31 ಕೊಡುತ್ತದೆ, ನಮಗೆ ಬೇಕಾದದ್ದೂ ಅದೇ. 3.5ಕ್ಕಿಂತ ಕಡಿಮೆ ಬಂದರೆ #N/A, ಅದೂ ಸರಿಯೇ.

ಆದರೆ ದರ ಪರಿಷ್ಕರಣೆ ಆದಾಗ 3.6ರ ಹೊಸ ಸಾಲನ್ನು ಪಟ್ಟಿಯ ಕೊನೆಗೆ ಸೇರಿಸಿದರೆ ಸಾಲುಗಳ ಕ್ರಮ ಕೆಟ್ಟಿತು, 118ರ ಕಥೆ ಮತ್ತೆ ಶುರು. XLOOKUP ಇರುವವರು ಇಲ್ಲಿ ನೆಮ್ಮದಿಯಾಗಿರಬಹುದು:

```
=XLOOKUP(B2,$L$2:$L$5,$M$2:$M$5,"ದರ ಇಲ್ಲ",-1)
```

B2 ಅಂದರೆ ಒಬ್ಬರ ಹಾಲಿನ ಫ್ಯಾಟ್, L ದರದ ಪಟ್ಟಿಯ ಫ್ಯಾಟ್ ಕಾಲಂ, M ದರದ ಕಾಲಂ. ಐದನೇ ಜಾಗದ -1 ಅಂದರೆ ಅದೇ ಇಲ್ಲದಿದ್ದರೆ ಅದಕ್ಕಿಂತ ಚಿಕ್ಕದರಲ್ಲಿ ಹತ್ತಿರದ್ದು. ಇದು ಅರ್ಧ ಅರ್ಧ ಮಾಡದೆ ಇಡೀ ಪಟ್ಟಿ ನೋಡುತ್ತದೆ, ಹಾಗಾಗಿ ಸಾಲುಗಳ ಕ್ರಮ ಹೇಗಿದ್ದರೂ ಸರಿ ಬರುತ್ತದೆ. ಹೊಸ ಸಾಲು ಸೇರಿಸಿದಾಗ L, M ಎರಡರ ವ್ಯಾಪ್ತಿಯನ್ನೂ ಹಿಗ್ಗಿಸಿಕೊಳ್ಳಿ ಅಷ್ಟೆ.

ದರದ ಪಟ್ಟಿಯಲ್ಲಿ ಇನ್ನೊಂದು ಮೋಸ ಇದೆ. ಫ್ಯಾಟಿನ ಕಾಲಂ ಅನ್ನು ಮೇಲಿನ ಸೆಲ್‌ಗೆ 0.1 ಕೂಡುತ್ತಾ ಎಳೆದಿದ್ದರೆ, ಕೆಲವು ಸೆಲ್‌ಗಳಲ್ಲಿ ಕಾಣುವ 3.3 ಒಳಗಡೆ 3.3ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರುತ್ತದೆ. ಕಂಪ್ಯೂಟರ್ ದಶಾಂಶವನ್ನು ಇಟ್ಟುಕೊಳ್ಳುವ ರೀತಿಯೇ ಹಾಗೆ. ಆಗ ನಿಜವಾದ 3.3 ಹುಡುಕಿದರೆ ಅದಕ್ಕಿಂತ ಚಿಕ್ಕದಾದ 3.2ರ ದರ ಸಿಗುತ್ತದೆ, ಹಾಲು ಹಾಕಿದವರಿಗೆ ಒಂದು ಹಂತ ನಷ್ಟ. ಫ್ಯಾಟ್ ಕಾಲಂ ಕೈಯಲ್ಲೇ ಟೈಪ್ ಮಾಡಿ, ಇಲ್ಲವೇ ಹೀಗೆ ಎಳೆಯಿರಿ:

```
=ROUND(L2+0.1,1)
```

ತುಂಬಾ ದೊಡ್ಡ ಪಟ್ಟಿ ಇರುವವರಿಗೂ TRUE ಉಪಯೋಗಕ್ಕೆ ಬರುತ್ತದೆ. ಒಂದು ಲಕ್ಷ ಸಾಲಿನಲ್ಲಿ ಒಂದೊಂದಾಗಿ ನೋಡುತ್ತಾ ಹೋದರೆ ಸರಾಸರಿ 50,000 ಸಲ ಹೋಲಿಸಬೇಕು, ಅರ್ಧ ಅರ್ಧ ಮಾಡಿದರೆ 17 ಸಲ ಸಾಕು. ಆದರೆ ಡೈರಿ, ಅಂಗಡಿಯ ಪಟ್ಟಿ ಕೆಲವು ನೂರು ಸಾಲು ದಾಟುವುದು ಕಡಿಮೆ. ಅಷ್ಟಕ್ಕೆ ವೇಗದ ಚಿಂತೆ ಬೇಡ.

#N/A ಬಂದರೆ FALSE ತೆಗೆಯಬೇಡಿ

FALSE ಹಾಕಿದ ಮೇಲೆ ಕೆಲವು ಕಡೆ #N/A ಕಾಣಿಸಿಕೊಳ್ಳುತ್ತದೆ. ನಂಬರ್ ಕಣ್ಣೆದುರೇ ಇದೆ, ಆದರೂ ಸಿಗಲಿಲ್ಲ ಅನ್ನುತ್ತದೆ. ಬೇಸತ್ತು FALSE ತೆಗೆದರೆ ಎರರ್ ಮಾಯ. ಆದರೆ ಅಲ್ಲಿ ಬಂದಿರುವುದು ಪಕ್ಕದವರ ಅಕೌಂಟ್. ನಾನು ನೋಡಿದ ತಪ್ಪು ಪಟ್ಟಿಗಳಲ್ಲಿ ಹಲವು ಹುಟ್ಟಿದ್ದೇ ಹೀಗೆ.

ಹೆಚ್ಚಾಗಿ ಕಾರಣ ಇಷ್ಟೇ: ಪಟ್ಟಿಯಲ್ಲಿ ಆ ಒಂದು 118 ಸಂಖ್ಯೆಯಾಗಿಲ್ಲ, ಅಕ್ಷರವಾಗಿ ಕೂತಿದೆ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದಾಗ ಹೀಗಾಗುತ್ತದೆ. ಸಂಖ್ಯೆ ತಾನಾಗಿಯೇ ಸೆಲ್‌ನ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಅನುಮಾನ ಬಂದರೆ ಖಾಲಿ ಸೆಲ್‌ನಲ್ಲಿ =ISNUMBER(H4) ಹಾಕಿ. FALSE ಬಂದರೆ ಆ ನಂಬರನ್ನು ಮತ್ತೆ ಕೈಯಲ್ಲಿ ಟೈಪ್ ಮಾಡಿ. ಸೆಲ್‌ನ ಫಾರ್ಮ್ಯಾಟ್ Text ಆಗಿದ್ದರೆ ಮೊದಲು ಅದನ್ನು General ಮಾಡಿಕೊಳ್ಳಿ.

ಈಗಾಗಲೇ ಇರುವ ಫೈಲ್ ಪರೀಕ್ಷೆ

ಹಳೇ ಬಟವಾಡೆ ಪಟ್ಟಿಯಲ್ಲಿ ತಪ್ಪು ಆಗಿದೆಯಾ ಅಂತ ನೋಡಲು ನಾಲ್ಕನೇ ಮಾಹಿತಿ ಇಲ್ಲದ ಸೂತ್ರವನ್ನೇ ಬಳಸಿ, ಮೊದಲನೇ ಕಾಲಂ ಕೇಳಿ:

```
=VLOOKUP(A2,$H$2:$J$8,1)=A2
```

ಅಂದರೆ ನೀನು ನಿಂತ ಸಾಲಿನ ಸದಸ್ಯರ ನಂಬರ್ ಏನು, ನಾನು ಕೇಳಿದ್ದೇ ಹೌದಾ ಅಂತ ಕೇಳಿದ ಹಾಗೆ. ಇದನ್ನು ಪಕ್ಕದ ಖಾಲಿ ಕಾಲಂನಲ್ಲಿ ಕೆಳಗಿನವರೆಗೆ ಎಳೆಯಿರಿ. FALSE ಬಂದ ಸಾಲುಗಳಲ್ಲಿ ದುಡ್ಡು ಬೇರೆಯವರಿಗೆ ಹೋಗಿರಬಹುದು. ಆ ಡೈರಿಯ ಪಟ್ಟಿಯಲ್ಲಿ ನಾವು ಹೀಗೇ ಹುಡುಕಿದೆವು. ಒಂದು ವಿಷಯ ನೆನಪಿರಲಿ: ಬಟವಾಡೆ ಆದ ಮೇಲೆ ಯಾರಾದರೂ ಸದಸ್ಯರ ಪಟ್ಟಿಯನ್ನು ನಂಬರ್ ಪ್ರಕಾರ ಸಾರ್ಟ್ ಮಾಡಿದ್ದರೆ ಈಗ ಎಲ್ಲವೂ TRUE ಅಂತ ತೋರಿಸುತ್ತದೆ. ಆಗ ಬ್ಯಾಂಕಿಗೆ ಕಳಿಸಿದ ಪ್ರತಿಯನ್ನೇ ತೆಗೆದು, ಒಂದೇ ಅಕೌಂಟ್ ಎರಡು ಸಲ ಬಂದಿದೆಯಾ ಅಂತ ನೋಡಬೇಕು.

ಇನ್ನು ಹೊಸದಾಗಿ ಮಾಡಿದ ಸೂತ್ರ ಯಾವುದೇ ಇರಲಿ, ಬ್ಯಾಂಕಿಗೆ ಕಳಿಸುವ ಮೊದಲು A2 ಸೆಲ್‌ನಲ್ಲಿ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ದೊಡ್ಡ ನಂಬರ್, 999 ಅಂತ ಹಾಕಿ ನೋಡಿ. #N/A ಅಥವಾ "ಸಿಗಲಿಲ್ಲ" ಬಂದರೆ ಮುಂದುವರಿಯಿರಿ. ಯಾರದೋ ಅಕೌಂಟ್ ನಂಬರ್ ಬಂದರೆ ಅಲ್ಲೇ ನಿಲ್ಲಿಸಿ, ಸೂತ್ರ ತಿದ್ದಿ, ಕೆಳಗಿನವರೆಗೆ ಮತ್ತೆ ಎಳೆಯಿರಿ. ಆಮೇಲೆ A2ಕ್ಕೆ ಮೊದಲಿದ್ದ ಸದಸ್ಯರ ನಂಬರನ್ನು ವಾಪಸ್ ಹಾಕುವುದು ಮರೆಯಬೇಡಿ.